ಮೂವತ್ತೆಂಟರ ಮಿತಿ, ಐದು ವರ್ಷದ ಕಾಗದ: ಒಂದು ನೇಮಕಾತಿ ಅಧಿಸೂಚನೆಯ ಓದು

ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಉದ್ಯೋಗ ಸುದ್ದಿಯ ಚಿತ್ರಗಳಲ್ಲಿ ‘ವಯೋಮಿತಿ: 18ರಿಂದ 40 ವರ್ಷ’ ಎಂಬ ಸಾಲು ಸಾಮಾನ್ಯ. ಅದು ಸುಳ್ಳಲ್ಲ. ಅಧಿಸೂಚನೆಯಲ್ಲಿರುವ ಅತಿ ಕಡಿಮೆ ವಯಸ್ಸನ್ನೂ ಅತಿ ಹೆಚ್ಚು ವಯಸ್ಸನ್ನೂ ಎತ್ತಿ ಒಂದೇ ಸಾಲಿನಲ್ಲಿ ಕೂರಿಸಿದರೆ ಹಾಗೆಯೇ ಬರುತ್ತದೆ. ಆದರೆ ಆ ನಲವತ್ತು ಯಾರಿಗೆ, ಯಾವ ದಿನಕ್ಕೆ, ಯಾವ ಕಾಗದ ಕೈಯಲ್ಲಿದ್ದರೆ ಎಂಬುದು ಆ ಚಿತ್ರದಲ್ಲಿರುವುದಿಲ್ಲ. ಇಲ್ಲಿ ಹೇಳಹೊರಟಿರುವ ಪ್ರಕರಣ ಶುರುವಾದದ್ದು ಅಂಥ ಒಂದು ಸಾಲಿನಿಂದ. ತಾಲ್ಲೂಕು ಕೇಂದ್ರವೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಅರ್ಜಿ ತುಂಬಲು ನಾನು ನೆರವಾಗುತ್ತೇನೆ. ಅಭ್ಯರ್ಥಿಯ ಗುರುತು ಸಿಗಬಾರದೆಂದು ಊರನ್ನೂ ನೇಮಕಾತಿ ಮಾಡಿದ ಸಂಸ್ಥೆಯನ್ನೂ ಹೇಳದೆ, ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಲೆಕ್ಕದ ಹಾದಿ ಮಾತ್ರ ನಡೆದಂತೆಯೇ ಇದೆ.

ಆಕೆ ಬಿ.ಎ. ಪದವೀಧರೆ, ವಿವಾಹಿತೆ, ಪ್ರವರ್ಗ 2ಎಗೆ ಸೇರಿದವರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಜನ್ಮ ದಿನಾಂಕ 9 ಮಾರ್ಚ್ 1986. ಆರು ವರ್ಷದಿಂದ ಸರ್ಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್. 2023ರ ಜೂನ್ ಕೊನೆಯ ವಾರ ಬಂದು, ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಹಾಕಿಕೊಡಿ ಎಂದರು. ಕೈಯಲ್ಲಿದ್ದದ್ದು ಮೊಬೈಲಿನಲ್ಲಿ ಬಂದ ಚಿತ್ರ, ಒಂದು ಪ್ಲಾಸ್ಟಿಕ್ ಚೀಲದ ತುಂಬ ಪ್ರಮಾಣಪತ್ರಗಳು. ಅಧಿಸೂಚನೆಯನ್ನು ಅವರು ನೋಡಿರಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಸಂಕ್ಷಿಪ್ತ ಪ್ರಕಟಣೆ. ವಿವರವಾದ ಅಧಿಸೂಚನೆ ಜಾಲತಾಣದಲ್ಲಿತ್ತು. ಅದನ್ನು ಇಳಿಸಿಕೊಂಡು ಮುದ್ರಿಸಿದೆವು. ಪರದೆಯ ಮೇಲೆ ಓದಿದರೆ ಹಿಂದಿನ ಪುಟದ ಷರತ್ತಿಗೂ ಮುಂದಿನ ಪುಟದ ವಿನಾಯಿತಿಗೂ ನಂಟು ಕಾಣುವುದಿಲ್ಲ ಎಂಬುದು ನನ್ನ ಅನುಭವ. ಇಪ್ಪತ್ತು ಮೂವತ್ತು ರೂಪಾಯಿಯ ಮುದ್ರಣಕ್ಕೆ ಜಿಪುಣತನ ಮಾಡಬಾರದು.

ಮೊದಲು ತಾರೀಖು

ಹುದ್ದೆಗಳ ಸಂಖ್ಯೆ, ವೇತನ ಶ್ರೇಣಿ ಎಲ್ಲವನ್ನೂ ದಾಟಿ ನಾನು ಮೊದಲು ಹುಡುಕುವುದು ತಾರೀಖುಗಳನ್ನು. ಈ ಅಧಿಸೂಚನೆಯಲ್ಲಿ ಅರ್ಜಿ ಸಲ್ಲಿಸಲು ಕೊನೆಯ ದಿನ 17 ಜುಲೈ 2023, ಶುಲ್ಕ ಕಟ್ಟಲು ಕೊನೆಯ ದಿನ 19 ಜುಲೈ. ಇವೆರಡನ್ನು ಎಲ್ಲರೂ ಗಮನಿಸುತ್ತಾರೆ. ಗಮನಿಸದೆ ಹೋಗುವುದು ಒಳಗಿನ ಪುಟಗಳಲ್ಲಿ ಬೇರೆ ಬೇರೆ ಷರತ್ತಿನ ಬಾಲಕ್ಕೆ ಅಂಟಿಕೊಂಡಿರುವ ಮಾತುಗಳನ್ನು. ವಯಸ್ಸಿನ ಷರತ್ತಿನಲ್ಲಿ ‘ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕದಂದು’ ಎಂದಿತ್ತು. ವಿದ್ಯಾರ್ಹತೆಯ ಷರತ್ತಿನಲ್ಲಿ ‘ಕೊನೆಯ ದಿನಾಂಕಕ್ಕೆ ಪಡೆದಿರಬೇಕು’ ಎಂದಿತ್ತು. ಮೀಸಲಾತಿ ಪ್ರಮಾಣಪತ್ರಗಳ ಷರತ್ತಿನಲ್ಲಿ ‘ಕೊನೆಯ ದಿನಾಂಕದೊಳಗೆ ಪಡೆದಿರಬೇಕು ಮತ್ತು ಚಾಲ್ತಿಯಲ್ಲಿರಬೇಕು’ ಎಂದಿತ್ತು. ಮೂಲ ಪ್ರತಿಗಳನ್ನು ತೋರಿಸಬೇಕಾದದ್ದು ದಾಖಲೆ ಪರಿಶೀಲನೆಯ ದಿನ, ಅಂದರೆ ತಿಂಗಳುಗಳ ನಂತರ.

ತೋರಿಸುವ ದಿನ ದೂರವಿದೆ ಎಂದು ಪಡೆಯುವ ದಿನವನ್ನೂ ದೂರ ಮಾಡಿಕೊಳ್ಳುವುದು ಇಲ್ಲಿ ನಡೆಯುವ ಅತಿ ಸಾಮಾನ್ಯ ಅನಾಹುತ. ‘ಪರಿಶೀಲನೆಗೆ ಕರೆದಾಗ ಮಾಡಿಸಿದರಾಯಿತು’ ಎಂದುಕೊಂಡ ಅಭ್ಯರ್ಥಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು, ಕೊನೆಯ ದಿನಾಂಕದ ನಂತರದ ತಾರೀಖಿರುವ ಪ್ರಮಾಣಪತ್ರ ಹಿಡಿದುಕೊಂಡು ಬಂದು ನಿಲ್ಲುತ್ತಾನೆ. ಆತ ನಿಜವಾಗಿಯೂ ಆ ಪ್ರವರ್ಗದವನೇ. ಕಾಗದದ ತಾರೀಖು ಮಾತ್ರ ತಪ್ಪು.

ಎಲ್ಲ ಅಧಿಸೂಚನೆಗಳೂ ವಯಸ್ಸನ್ನು ಅರ್ಜಿಯ ಕೊನೆಯ ದಿನಕ್ಕೇ ಎಣಿಸುತ್ತವೆ ಎಂದುಕೊಳ್ಳಬಾರದು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಆ ವರ್ಷದ ಆಗಸ್ಟ್ 1ಕ್ಕೆ ಎಣಿಸುತ್ತಾರೆ. ಸಿಬ್ಬಂದಿ ನೇಮಕಾತಿ ಆಯೋಗ ಇಂಥ ದಿನಕ್ಕಿಂತ ಮೊದಲು ಹುಟ್ಟಿರಬಾರದು, ಇಂಥ ದಿನದ ನಂತರ ಹುಟ್ಟಿರಬಾರದು ಎಂದು ಜನ್ಮ ದಿನಾಂಕಗಳನ್ನೇ ಕೊಟ್ಟುಬಿಡುತ್ತದೆ. ಅದು ಸಭ್ಯ ಪದ್ಧತಿ, ಜಗಳಕ್ಕೆ ಜಾಗವಿಲ್ಲ.

ವಯಸ್ಸಿನ ಲೆಕ್ಕ

17 ಜುಲೈ 2023ರಂದು ಆಕೆಯ ವಯಸ್ಸು 37 ವರ್ಷ, 4 ತಿಂಗಳು, 8 ದಿನ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಆಗ ಸಾಮಾನ್ಯವಾಗಿ ಕಾಣುತ್ತಿದ್ದ ಗರಿಷ್ಠ ಮಿತಿ ಹೀಗಿತ್ತು: ಸಾಮಾನ್ಯ ಅರ್ಹತೆಯವರಿಗೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಯವರಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ 40. ಈ ಅಧಿಸೂಚನೆಯಲ್ಲಿಯೂ ಅಷ್ಟೇ ಇತ್ತು. ಚಿತ್ರದಲ್ಲಿದ್ದ ನಲವತ್ತು ಆಕೆಗೆ ಸಂಬಂಧಿಸಿದ್ದಲ್ಲ. ಆಕೆಯ ಮಿತಿ 38. ಇನ್ನೂ ಏಳೆಂಟು ತಿಂಗಳು ಉಳಿದಿದೆ, ಸರಿ ಎಂದು ಮುಂದೆ ಹೋಗಬಹುದಿತ್ತು.

ಆದರೆ ಇದೇ ಸಾಲನ್ನು ಇನ್ನೊಂದು ಕಡೆಯಿಂದ ಓದಿ ನೋಡಿ. ಆಕೆಯ 2ಎ ಹಕ್ಕು ಯಾವುದಾದರೂ ಕಾರಣಕ್ಕೆ ಒಪ್ಪಿತವಾಗದೆ ಹೋದರೆ ಏನಾಗುತ್ತದೆ? ಮೀಸಲಾತಿ ಸಿಗದಿದ್ದರೆ ಸಾಮಾನ್ಯ ಅರ್ಹತೆಯಲ್ಲಿ ನೋಡುತ್ತಾರೆ, ಅಂಕ ಚೆನ್ನಾಗಿದ್ದರೆ ಅಲ್ಲಿಯೇ ಆಗಬಹುದು ಎಂದು ಬಹಳ ಮಂದಿ ಧೈರ್ಯ ತಂದುಕೊಳ್ಳುತ್ತಾರೆ. ಮೂವತ್ತರ ಹುಡುಗಿಗೆ ಆ ಮಾತು ಸಲ್ಲುತ್ತದೆ. ಮೂವತ್ತೇಳು ದಾಟಿದವರಿಗೆ ಸಲ್ಲುವುದಿಲ್ಲ. ಪ್ರವರ್ಗ ಬಿದ್ದ ಕೂಡಲೇ ಮಿತಿ 38ರಿಂದ 35ಕ್ಕೆ ಇಳಿಯುತ್ತದೆ, ಮಿತಿ ಇಳಿದ ಕೂಡಲೇ ವಯಸ್ಸು ಮೀರುತ್ತದೆ, ಅರ್ಜಿಯೇ ಅನರ್ಹವಾಗುತ್ತದೆ. ನೂರಕ್ಕೆ ನೂರು ಅಂಕ ಬಂದರೂ ಉಪಯೋಗವಿಲ್ಲ. ಶುಲ್ಕವೂ ಇದರೊಂದಿಗೆ ಸೇರಿಕೊಂಡಿರುತ್ತದೆ: ಕರ್ನಾಟಕ ಲೋಕಸೇವಾ ಆಯೋಗದ ಅನೇಕ ಅಧಿಸೂಚನೆಗಳಲ್ಲಿ ಸಾಮಾನ್ಯ ಅರ್ಹತೆಗೆ 600 ರೂಪಾಯಿ, 2ಎಯಿಂದ 3ಬಿವರೆಗೆ 300 ರೂಪಾಯಿ ಇರುವುದನ್ನು ನೋಡಿರಬಹುದು. ಪ್ರವರ್ಗ ಹೋದರೆ ರಿಯಾಯಿತಿ ಶುಲ್ಕಕ್ಕೂ ಆಧಾರವಿರುವುದಿಲ್ಲ.

ಹೀಗಾಗಿ ಆಕೆಯ ಉಮೇದುವಾರಿಕೆ ಪೂರ್ತಿಯಾಗಿ ನಿಂತದ್ದು ಒಂದು ಜಾತಿ-ಆದಾಯ ಪ್ರಮಾಣಪತ್ರದ ಮೇಲೆ. ತಮ್ಮ ಪ್ರವರ್ಗದ ವಯೋಮಿತಿ ಮತ್ತು ಸಾಮಾನ್ಯ ಅರ್ಹತೆಯ ವಯೋಮಿತಿಯ ನಡುವೆ ವಯಸ್ಸಿರುವ ಪ್ರತಿಯೊಬ್ಬರೂ ಇದೇ ಸ್ಥಿತಿಯಲ್ಲಿರುತ್ತಾರೆ. ಅವರಿಗೆ ಆ ಪತ್ರ ಮೀಸಲಾತಿಯ ದಾಖಲೆಗಿಂತ ಮೊದಲು ವಯಸ್ಸಿನ ದಾಖಲೆ.

ಬೇರೆ ಸಡಿಲಿಕೆ ಇದೆಯೇ ಎಂದು ಆಕೆಯೇ ಕೇಳಿದರು. ‘ಸರ್, ಆರು ವರ್ಷ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದ್ದೇನಲ್ಲ, ಅಷ್ಟು ವರ್ಷ ಬಿಡುತ್ತಾರಂತೆ.’ ಅಂಥ ಷರತ್ತು ನಿಜಕ್ಕೂ ಇದೆ. ಸರ್ಕಾರದ ಅಡಿಯಲ್ಲಿ ಹುದ್ದೆ ಹೊಂದಿರುವ ಅಥವಾ ಹಿಂದೆ ಹೊಂದಿದ್ದ ಅಭ್ಯರ್ಥಿಗೆ ಸೇವೆ ಸಲ್ಲಿಸಿದಷ್ಟು ವರ್ಷ ಅಥವಾ ಹತ್ತು ವರ್ಷ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಸಡಿಲಿಕೆ. ಕೀಲಿರುವುದು ‘ಹುದ್ದೆ ಹೊಂದಿರುವ’ ಎಂಬಲ್ಲಿ. ಹೊರಗುತ್ತಿಗೆಯಲ್ಲಿ ಸಂಬಳ ಕೊಡುವುದು ಏಜೆನ್ಸಿ, ನೇಮಕಾತಿ ಪತ್ರ ಕೊಟ್ಟಿರುವುದೂ ಏಜೆನ್ಸಿ. ಕಚೇರಿಯಲ್ಲಿ ಕುರ್ಚಿ ಇದೆ, ಹುದ್ದೆ ಇಲ್ಲ. ಆರು ವರ್ಷ ಅದೇ ಕಡತಗಳನ್ನು ಹೊತ್ತವರಿಗೆ ಇದನ್ನು ಹೇಳುವುದು ಕಷ್ಟ. ಆದರೂ ಅರ್ಜಿಯಲ್ಲಿ ‘ಸೇವಾನಿರತ’ ಎಂಬ ಕಡೆ ಗುರುತು ಹಾಕಿದ್ದರೆ ನಿರಾಕ್ಷೇಪಣಾ ಪತ್ರ ಕೇಳುತ್ತಿದ್ದರು, ಅದನ್ನು ಕೊಡುವ ನೇಮಕಾತಿ ಪ್ರಾಧಿಕಾರವೇ ಆಕೆಗಿರಲಿಲ್ಲ. ಮಾಜಿ ಸೈನಿಕರು, ಅಂಗವಿಕಲರು, ವಿಧವೆಯರಿಗೆ ಇರುವ ಸಡಿಲಿಕೆಗಳು ಬೇರೆ; ಅವು ಈ ಪ್ರಕರಣಕ್ಕೆ ಬರುವುದಿಲ್ಲ.

ಚೀಲದಲ್ಲಿದ್ದ ಎರಡು ಪತ್ರಗಳು

ಪ್ಲಾಸ್ಟಿಕ್ ಚೀಲದಲ್ಲಿ ಜಾತಿಗೆ ಸಂಬಂಧಿಸಿದ ಎರಡು ಪ್ರಮಾಣಪತ್ರಗಳಿದ್ದವು. ಒಂದು 2022ರದ್ದು, ಗರಿಗರಿಯಾಗಿತ್ತು. ಇನ್ನೊಂದು 2018ರದ್ದು, ಮಡಿಕೆಯಲ್ಲಿ ಸವೆದಿತ್ತು. ‘ಇದು ಹೊಸದು ಸರ್, ಇದನ್ನೇ ಹಾಕೋಣವೇ?’ ಎಂದು ಮೊದಲನೆಯದನ್ನು ಮುಂದಿಟ್ಟರು.

ಅದು ಬ್ಯಾಂಕ್ ಪರೀಕ್ಷೆಗೆಂದು ಮಾಡಿಸಿದ, ಕೇಂದ್ರ ಸರ್ಕಾರದ ನಮೂನೆಯ ಇತರ ಹಿಂದುಳಿದ ವರ್ಗದ ಪ್ರಮಾಣಪತ್ರ. ಕೇಂದ್ರದ ಪಟ್ಟಿ ಬೇರೆ, ರಾಜ್ಯದ ಪಟ್ಟಿ ಬೇರೆ. ಕೇಂದ್ರದ ಪತ್ರದಲ್ಲಿ 2ಎ, 3ಬಿ ಎಂಬ ಒಳವಿಂಗಡಣೆಯೇ ಇರುವುದಿಲ್ಲ. ಆ ಪತ್ರ ನೋಡಿ ರಾಜ್ಯದ ಅಧಿಕಾರಿ ಯಾವ ಪ್ರವರ್ಗಕ್ಕೆ ಸೇರಿಸಬೇಕು? ರಾಜ್ಯದ ಅಧಿಸೂಚನೆಯಲ್ಲಿ ನಮೂನೆಗಳ ಹೆಸರು ಸ್ಪಷ್ಟವಾಗಿರುತ್ತದೆ: ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಆಕೆಗೆ ಬೇಕಾದದ್ದು ನಮೂನೆ-ಎಫ್. 2018ರ ಸವೆದ ಕಾಗದ ಅದೇ ಆಗಿತ್ತು. ತಲೆಕೆಳಗಾದ ತಪ್ಪೂ ನಡೆಯುತ್ತದೆ. ರೈಲ್ವೆ ನೇಮಕಾತಿಗೆ ನಮೂನೆ-ಎಫ್ ಹಿಡಿದು ಹೋದವರನ್ನು ನೋಡಿದ್ದೇನೆ.

ಇನ್ನು ಹಳೆಯ ಪತ್ರದ ಆಯಸ್ಸು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರ ಜಾತಿ ಪ್ರಮಾಣಪತ್ರ ಜೀವಿತಾವಧಿಗೆ ಸಲ್ಲುತ್ತದೆ. 2ಎ ಮೊದಲಾದವುಗಳಲ್ಲಿ ಜಾತಿಯ ಜೊತೆಗೆ ಕೆನೆಪದರದ ಪ್ರಶ್ನೆಯೂ ಇದೆ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿಯ ಮಿತಿಯೊಳಗಿರಬೇಕು, ಆದಾಯ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಈ ಪತ್ರಕ್ಕೆ ಐದು ವರ್ಷದ ಆಯಸ್ಸು. ಆಕೆಯದು 2 ಆಗಸ್ಟ್ 2018ರಂದು ಕೊಟ್ಟದ್ದು. 1 ಆಗಸ್ಟ್ 2023ಕ್ಕೆ ಮುಗಿಯುತ್ತದೆ. ಅರ್ಜಿಯ ಕೊನೆಯ ದಿನ 17 ಜುಲೈ. ಅಕ್ಷರಶಃ ಓದಿದರೆ ಕೊನೆಯ ದಿನ ಪತ್ರ ಚಾಲ್ತಿಯಲ್ಲಿದೆ, ಎರಡು ವಾರದ ಉಸಿರು ಉಳಿದಿದೆ, ಸಾಕು.

ನನಗೆ ಅದು ಸಾಲದೆನಿಸಿದ್ದಕ್ಕೆ ಎರಡು ಕಾರಣ. ಮೊದಲನೆಯದು, ನಮ್ಮಲ್ಲಿ ಅರ್ಜಿಯ ಕೊನೆಯ ದಿನಾಂಕ ಮುಂದಕ್ಕೆ ಹೋಗುವುದು ಹೊಸತಲ್ಲ. ಸರ್ವರ್ ತೊಂದರೆ, ತಿದ್ದುಪಡಿ, ಮನವಿಗಳು, ಯಾವುದೋ ಒಂದು ಕಾರಣಕ್ಕೆ ಎರಡು ಮೂರು ವಾರ ವಿಸ್ತರಣೆಯಾಗುತ್ತದೆ. ಎಲ್ಲರೂ ಸಂತೋಷಪಡುವ ಆ ವಿಸ್ತರಣೆಯೇ ಆಕೆಗೆ ಮುಳುವಾಗಬಹುದಿತ್ತು. ಕೊನೆಯ ದಿನಾಂಕ ಆಗಸ್ಟ್ 1ನ್ನು ದಾಟಿದರೆ, ಆ ದಿನಕ್ಕೆ ಹಳೆಯ ಪತ್ರ ಸತ್ತಿರುತ್ತದೆ.

ಎರಡನೆಯದು ಮದುವೆ. 2018ರಲ್ಲಿ ಆಕೆ ಅವಿವಾಹಿತೆ. ಪತ್ರ ತಂದೆಯ ಆದಾಯದ ಮೇಲೆ ಆದದ್ದು. 2020ರಲ್ಲಿ ಮದುವೆಯಾಯಿತು. ಜಾತಿ ಹುಟ್ಟಿನಿಂದ ಬಂದದ್ದು, ಮದುವೆಯಿಂದ ಬದಲಾಗುವುದಿಲ್ಲ, ಅದರಲ್ಲಿ ಗೊಂದಲವಿಲ್ಲ. ಆದಾಯ ಯಾರದ್ದು ಎಂಬಲ್ಲಿ ಗೊಂದಲವಿದೆ: ತಂದೆಯದ್ದೋ, ಪತಿಯದ್ದೋ? 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಇದೇ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತ್ತು. ತಂದೆಯ ಆದಾಯದ ಪ್ರಮಾಣಪತ್ರ ಕೊಟ್ಟಿದ್ದ ವಿವಾಹಿತ ಮಹಿಳೆಯರನ್ನು ಮೀಸಲಾತಿಯಿಂದ ತೆಗೆದು ಸಾಮಾನ್ಯ ಅರ್ಹತೆಗೆ ಹಾಕಿದ್ದರು. ಸಾಮಾನ್ಯ ಅರ್ಹತೆಗೆ ಬಿದ್ದವರ ಗತಿ ಏನು ಎಂಬುದನ್ನು ಮೇಲೆ ನೋಡಿದೆವು. ಆಕೆಯ ವಯಸ್ಸಿಗೆ ಅದು ನೇರ ಅನರ್ಹತೆ. ವ್ಯಾಜ್ಯದಲ್ಲಿ ಯಾರ ವಾದ ಸರಿ ಎಂಬ ಕುತೂಹಲ ನನಗೂ ಇದೆ. ಆದರೆ ಅರ್ಜಿ ಹಾಕುವವರು ವ್ಯಾಜ್ಯ ಗೆಲ್ಲುವ ಪತ್ರವನ್ನಲ್ಲ, ವ್ಯಾಜ್ಯವೇ ಹುಟ್ಟದ ಪತ್ರವನ್ನು ಮಾಡಿಸಿಕೊಳ್ಳಬೇಕು. ಆಕೆಯ ತಂದೆ ಸಣ್ಣ ಹಿಡುವಳಿದಾರ, ಪತಿಗೆ ಮೊಬೈಲ್ ದುರಸ್ತಿ ಅಂಗಡಿ. ಇಬ್ಬರ ಆದಾಯ ಕೂಡಿಸಿದರೂ ಎಂಟು ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಮರೆಮಾಚುವುದು ಏನೂ ಇಲ್ಲದಿರುವಾಗ ಎಲ್ಲವನ್ನೂ ಹೇಳಿ ಹೊಸ ಪತ್ರ ಪಡೆಯುವುದೇ ಸರಿ ಎಂದು ತೀರ್ಮಾನಿಸಿದೆವು.

ಮರುದಿನವೇ ನಾಡಕಚೇರಿಯಲ್ಲಿ ಹೊಸ ನಮೂನೆ-ಎಫ್‌ಗೆ ಅರ್ಜಿ ಹಾಕಿದರು. ತಂದೆಯ ಜಾತಿಗೆ ಆಧಾರ, ಆಕೆಯ ಶಾಲಾ ವರ್ಗಾವಣೆ ಪತ್ರ, ಮದುವೆಯ ದಾಖಲೆ, ತಂದೆ ಮತ್ತು ಪತಿ ಇಬ್ಬರ ಪಡಿತರ ಚೀಟಿ, ಆಧಾರ್ ಎಲ್ಲವನ್ನೂ ಲಗತ್ತಿಸಿದರು. ಗ್ರಾಮ ಲೆಕ್ಕಾಧಿಕಾರಿ ಮತ್ತು ಕಂದಾಯ ನಿರೀಕ್ಷಕರು ವಿಚಾರಣೆ ಮಾಡಿ ವರದಿ ಕೊಟ್ಟ ಮೇಲೆ ತಹಶೀಲ್ದಾರರ ಮಟ್ಟದಲ್ಲಿ ಪತ್ರವಾಗಬೇಕು. ಇದಕ್ಕೆ ಸಕಾಲ ಕಾಯ್ದೆಯಡಿ ಅವಧಿ ನಿಗದಿಯಾಗಿದ್ದರೂ ಅದು ವಾರಗಳ ಲೆಕ್ಕ, ದಿನಗಳದ್ದಲ್ಲ. ಅಧಿಸೂಚನೆ ಬಂದ ಮೇಲೆ ಹತ್ತು ದಿನ ಸುಮ್ಮನಿದ್ದು ನಾಡಕಚೇರಿಗೆ ಹೋಗುವವರು ಕೊನೆಯ ದಿನವನ್ನು ತಾವೇ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಎಲ್ಲ ಅಭ್ಯರ್ಥಿಗಳೂ ಅದೇ ವಾರ ಅದೇ ಕಿಟಕಿಯ ಮುಂದೆ ನಿಂತಿರುತ್ತಾರೆ.

ಜುಲೈ 13ರ ತಾರೀಖಿನ ಪತ್ರ ಕೈಗೆ ಬಂತು. ನಾನು ಮೊದಲು ನೋಡಿದ್ದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಆಕೆಯ ಹೆಸರಿನ ನಂತರ ತಂದೆಯ ಹೆಸರಿನ ಮೊದಲಕ್ಷರವಿತ್ತು. ಆಧಾರ್‌ನಲ್ಲಿ ಮದುವೆಯ ನಂತರ ಪತಿಯ ಹೆಸರು ಸೇರಿತ್ತು. ಅರ್ಜಿಯಲ್ಲಿ ಪ್ರಮಾಣಪತ್ರದ ಆರ್‌.ಡಿ. ಸಂಖ್ಯೆ ಹಾಕಿದಾಗ ಅದರ ವಿವರ ಪರದೆಯ ಮೇಲೆ ಬಂದು ನಿಲ್ಲುತ್ತದೆ. ನೇಮಕಾತಿಯಲ್ಲಿ ಹೆಸರಿಗೂ ಹುಟ್ಟಿದ ದಿನಕ್ಕೂ ಮೂಲ ದಾಖಲೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಪುಣ್ಯಕ್ಕೆ ನಾಡಕಚೇರಿಯ ಅರ್ಜಿಯಲ್ಲಿ ಆ ಹೆಸರನ್ನೇ ಬರೆಸಿದ್ದರಿಂದ ತೊಂದರೆಯಾಗಲಿಲ್ಲ.

ಕೋರಬಾರದ್ದು, ಕೋರಬೇಕಾದ್ದು

ಅರ್ಜಿ ತುಂಬುವಾಗ ಆಕೆ ‘ಗ್ರಾಮೀಣ ಅಭ್ಯರ್ಥಿ’ ಎಂಬಲ್ಲಿಯೂ ಗುರುತು ಹಾಕಲು ಹೇಳಿದರು. ಹುಟ್ಟಿ ಬೆಳೆದದ್ದು ಹಳ್ಳಿಯಲ್ಲಿ, ಮನೆ ಈಗಲೂ ಅಲ್ಲಿಯೇ. ಆದರೆ ಗ್ರಾಮೀಣ ಮೀಸಲಾತಿ ಮನೆಯನ್ನು ನೋಡುವುದಿಲ್ಲ, ಶಾಲೆಯನ್ನು ನೋಡುತ್ತದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು; ಮುಖ್ಯೋಪಾಧ್ಯಾಯರು ಸಹಿ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುರುಜು ಹಾಕಿದ ನಮೂನೆ-2 ಬೇಕು. ಆಕೆ ಏಳರವರೆಗೆ ಊರಿನ ಶಾಲೆಯಲ್ಲಿ, ಎಂಟರಿಂದ ಹತ್ತು ಪುರಸಭೆಯಿರುವ ತಾಲ್ಲೂಕು ಕೇಂದ್ರದಲ್ಲಿ ಓದಿದವರು. ಮೂರು ವರ್ಷ ದಿನವೂ ಬಸ್ಸಿನಲ್ಲಿ ಹೋಗಿ ಬಂದರೂ ಕಾನೂನಿನ ಕಣ್ಣಿಗೆ ಅದು ನಗರದ ಶಾಲೆ. ಪಟ್ಟಣ ಪಂಚಾಯಿತಿಯ ವ್ಯಾಪ್ತಿಯ ಶಾಲೆಯೂ ಗ್ರಾಮೀಣವಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ‘ಇಲ್ಲ’ ಎಂದು ತುಂಬಿದೆವು.

ಕನ್ನಡ ಮಾಧ್ಯಮದ ವಿಷಯ ಬೇರೆ. ಹತ್ತೂ ತರಗತಿ ಕನ್ನಡ ಮಾಧ್ಯಮ, ಆದ್ದರಿಂದ ಆ ಮೀಸಲಾತಿಯನ್ನು ಕೋರಲೇಬೇಕು. ಅರ್ಜಿಯಲ್ಲಿ ಕೋರದ ಮೀಸಲಾತಿಯನ್ನು ಆಮೇಲೆ ಪರಿಗಣಿಸುವುದಿಲ್ಲ ಎಂಬ ಸಾಲು ಸಾಮಾನ್ಯ ಸೂಚನೆಗಳ ನಡುವೆ ಹುದುಗಿರುತ್ತದೆ. ಎರಡು ಶಾಲೆಗಳಲ್ಲಿ ಓದಿದ್ದರಿಂದ ಎರಡು ಪ್ರಮಾಣಪತ್ರ ಬೇಕಾಯಿತು, ಎರಡೂ ಅಧಿಸೂಚನೆಯ ಹಿಂದೆ ಕೊಟ್ಟಿದ್ದ ನಮೂನೆಯಲ್ಲಿಯೇ. ಹಳ್ಳಿಯ ಶಾಲೆಯವರು ತಮ್ಮ ಲೆಟರ್‌ಹೆಡ್‌ನಲ್ಲಿ ಚೆಂದದ ಭಾಷೆಯಲ್ಲಿ ಬರೆದುಕೊಟ್ಟಿದ್ದರು. ಅದನ್ನು ವಾಪಸ್ ಕೊಟ್ಟು, ಮುದ್ರಿತ ನಮೂನೆಯಲ್ಲಿ ತುಂಬಿಸಿ, ಇದೂ ಕೊನೆಯ ದಿನಾಂಕದೊಳಗಿನ ತಾರೀಖಿರುವಂತೆ ನೋಡಿಕೊಂಡೆವು. ಕಲ್ಯಾಣ ಕರ್ನಾಟಕದವರಾಗಿದ್ದರೆ 371ಜೆ ಅಡಿಯ ಅರ್ಹತಾ ಪ್ರಮಾಣಪತ್ರವೂ ಇದೇ ಸಾಲಿಗೆ ಸೇರುತ್ತಿತ್ತು. ಅದನ್ನು ಕೊಡುವವರು ಉಪವಿಭಾಗಾಧಿಕಾರಿ, ಓಡಾಟ ಇನ್ನೂ ದೂರ.

ಜುಲೈ 14ರಂದು ಅರ್ಜಿ ಸಲ್ಲಿಸಿ, ಅಂದೇ ಶುಲ್ಕ ಕಟ್ಟಿದೆವು. ಹಣ ಖಾತೆಯಿಂದ ಹೋದದ್ದು ಸಾಕ್ಷಿಯಾಗುವುದಿಲ್ಲ; ಅರ್ಜಿಯ ಪುಟದಲ್ಲಿ ಪಾವತಿ ಯಶಸ್ವಿ ಎಂದು ಬಂದಿದೆಯೇ ಎಂದು ಮತ್ತೆ ಒಳಹೊಕ್ಕು ನೋಡಬೇಕು. ನೋಡಿ, ಮುದ್ರಿಸಿಟ್ಟೆವು.

ವಿಸ್ತರಣೆ ಬಂತು

ಜುಲೈ 17ರ ಸಂಜೆ ಕೊನೆಯ ದಿನಾಂಕವನ್ನು ಆಗಸ್ಟ್ 7ರವರೆಗೆ ವಿಸ್ತರಿಸಿದ ಪ್ರಕಟಣೆ ಬಂತು. ಒಂದೂವರೆ ಪುಟ. ಮೂರನೆಯ ಪ್ಯಾರಾದಲ್ಲಿ ಒಂದು ವಾಕ್ಯವಿತ್ತು: ವಯೋಮಿತಿ ಮತ್ತು ವಿದ್ಯಾರ್ಹತೆಯನ್ನು ಮೂಲ ಅಧಿಸೂಚನೆಯಲ್ಲಿನ ಕೊನೆಯ ದಿನಾಂಕಕ್ಕೇ ಪರಿಗಣಿಸಲಾಗುವುದು. ಮೀಸಲಾತಿ ಪ್ರಮಾಣಪತ್ರಗಳ ಬಗ್ಗೆ ಏನೂ ಇರಲಿಲ್ಲ.

ಈ ಮೌನವನ್ನು ಎರಡು ರೀತಿ ಓದಬಹುದು. ಪ್ರಮಾಣಪತ್ರಗಳಿಗೆ ‘ಕೊನೆಯ ದಿನಾಂಕ’ ಎಂದರೆ ಈಗ ಆಗಸ್ಟ್ 7 ಎನ್ನಬಹುದು. ಹಾಗಾದರೆ ಆಗಸ್ಟ್ 1ಕ್ಕೆ ಮುಗಿಯುವ ಹಳೆಯ ಪತ್ರ ಚಾಲ್ತಿಯಲ್ಲಿಲ್ಲ. ಅಥವಾ ಎಲ್ಲಕ್ಕೂ ಜುಲೈ 17 ಎನ್ನಬಹುದು. ಹಾಗಾದರೆ ಜುಲೈ 17ರ ನಂತರ ಮಾಡಿಸಿದ ಹೊಸ ಪತ್ರ ಸಲ್ಲುವುದಿಲ್ಲ. ಜುಲೈ 13ರ ತಾರೀಖಿನ ಪತ್ರ ಎರಡೂ ಓದಿಗೆ ನಿಲ್ಲುತ್ತದೆ. ಅಧಿಸೂಚನೆಯ ಮಾತು ಎರಡು ಅರ್ಥ ಕೊಡುವ ಕಡೆ ಕಚೇರಿಗೆ ಪತ್ರ ಬರೆದು ಸ್ಪಷ್ಟನೆ ಕೇಳಬಹುದು, ಕೇಳಲೂಬೇಕು. ಉತ್ತರ ಕೊನೆಯ ದಿನಾಂಕದೊಳಗೆ ಬರುತ್ತದೆಂಬ ಭರವಸೆ ಇರುವುದಿಲ್ಲ. ಎರಡೂ ಅರ್ಥಕ್ಕೆ ಒಗ್ಗುವ ದಾಖಲೆ ಕೈಯಲ್ಲಿದ್ದರೆ ಆ ಉತ್ತರಕ್ಕಾಗಿ ಉಸಿರು ಬಿಗಿಹಿಡಿಯಬೇಕಾಗಿಲ್ಲ.

ವಿಸ್ತರಣೆಯ ಪ್ರಕಟಣೆಯಲ್ಲಿದ್ದ ಅದೇ ವಾಕ್ಯ ಆಕೆಯ ಮೈದುನನ ದಾರಿ ಮುಚ್ಚಿತು. ಆತ ಅಂತಿಮ ಸೆಮಿಸ್ಟರ್ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ. ಜುಲೈ 28ರಂದು ಪಾಸಾದ. ವಿಸ್ತರಣೆಯಾಗಿದೆ, ಆಗಸ್ಟ್ 7ರೊಳಗೆ ಪದವಿ ಬಂದಿದೆ ಎಂದು ಅರ್ಜಿ ಹಾಕಲು ಸಜ್ಜಾಗಿದ್ದ. ಪ್ರಕಟಣೆಯ ತಲೆಬರಹವನ್ನಷ್ಟೇ ಓದಿದ್ದರೆ ಹಾಕಿಯೂ ಬಿಡುತ್ತಿದ್ದ. ಅಂತರ್ಜಾಲದ ಅರ್ಜಿ ಅದನ್ನು ತಡೆಯುತ್ತಿರಲಿಲ್ಲ, ಏಕೆಂದರೆ ಅದು ಉತ್ತೀರ್ಣನಾದ ವರ್ಷವನ್ನು ಮಾತ್ರ ಕೇಳುತ್ತಿತ್ತು. ಅರ್ಜಿ ಸ್ವೀಕಾರವಾಯಿತು, ಪ್ರವೇಶಪತ್ರ ಬಂತು ಎಂದ ಮಾತ್ರಕ್ಕೆ ಅರ್ಹತೆ ಒಪ್ಪಿತವಾದಂತಲ್ಲ. ಅಂಕಪಟ್ಟಿಯ ಮೇಲಿನ ತಾರೀಖನ್ನು ಮನುಷ್ಯರು ನೋಡುವುದು ಪರಿಶೀಲನೆಯ ಮೇಜಿನಲ್ಲಿ. ವಿಸ್ತರಣೆಯ ಪ್ರಕಟಣೆಯಲ್ಲಿ ಆ ವಾಕ್ಯವಿಲ್ಲದೆ ‘ಉಳಿದ ಷರತ್ತುಗಳು ಯಥಾವತ್ತು’ ಎಂದಷ್ಟೇ ಇದ್ದಿದ್ದರೆ ಆತನಿಗೆ ವಾದಕ್ಕಾದರೂ ಜಾಗವಿರುತ್ತಿತ್ತು. ಇಲ್ಲಿ ಇರಲಿಲ್ಲ. ಶುಲ್ಕ ಕಟ್ಟಬೇಡ ಎಂದೆ. ಅಸಮಾಧಾನದಿಂದಲೇ ಒಪ್ಪಿದ.

ಪರಿಶೀಲನೆಯ ದಿನ, ಆಮೇಲೆ

ಲಿಖಿತ ಪರೀಕ್ಷೆಯ ನಂತರ ದಾಖಲೆ ಪರಿಶೀಲನೆಗೆ ಆಕೆಗೆ ಕರೆ ಬಂತು. ಮೇಜಿನಾಚೆಗಿದ್ದವರು ಮೊದಲು ಕೇಳಿದ್ದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಮೇಲೆ ನಮೂನೆ-ಎಫ್. ಜನ್ಮ ದಿನಾಂಕ ನೋಡಿ ವಯಸ್ಸು ಎಣಿಸಿ, ಮೂವತ್ತೈದು ದಾಟಿದೆ ಎಂದು ಕಂಡಾಗ ಜಾತಿ ಪತ್ರವನ್ನು ಎಂದಿಗಿಂತ ನಿಧಾನವಾಗಿ ನೋಡಿದರಂತೆ. ಕೊಟ್ಟ ತಾರೀಖು, ಪ್ರವರ್ಗ, ಆರ್‌.ಡಿ. ಸಂಖ್ಯೆ, ವಿವಾಹಿತೆಯೇ, ಆದಾಯದಲ್ಲಿ ಯಾರದ್ದು ಸೇರಿದೆ. ಕೊನೆಯ ಪ್ರಶ್ನೆಗೆ ಆಕೆ ನಾಡಕಚೇರಿಗೆ ಕೊಟ್ಟಿದ್ದ ಅರ್ಜಿಯ ಪ್ರತಿಯನ್ನೇ ಮುಂದಿಟ್ಟರು, ಅದರಲ್ಲಿ ಇಬ್ಬರ ವಿವರವೂ ಇತ್ತು. ಟಿಪ್ಪಣಿ ಬರೆದುಕೊಂಡು ಕಳುಹಿಸಿದರು. ಪಕ್ಕದ ಸಾಲಿನಲ್ಲಿ ಒಬ್ಬಾಕೆ ಆಗಸ್ಟ್ 3ರ ತಾರೀಖಿನ ಪತ್ರ ಹಿಡಿದು, ವಿಸ್ತರಿತ ದಿನಾಂಕದೊಳಗೇ ಇದೆಯಲ್ಲ ಎಂದು ವಾದಿಸುತ್ತಿದ್ದರಂತೆ. ಅದು ಏನಾಯಿತೋ ತಿಳಿಯಲಿಲ್ಲ.

ನಮ್ಮ ಅಭ್ಯರ್ಥಿ ಅರ್ಹರೆಂದು ಉಳಿದರು. ಆದರೆ ಅಂತಿಮ ಪಟ್ಟಿಯಲ್ಲಿ 2ಎ ಮಹಿಳಾ ವಿಭಾಗದ ಕೊನೆಯ ಅಂಕಕ್ಕಿಂತ ಸ್ವಲ್ಪ ಕೆಳಗೆ ಬಿದ್ದು ಹುದ್ದೆ ಸಿಗಲಿಲ್ಲ.

2024ರ ಮಾರ್ಚ್ 9ಕ್ಕೆ ಆಕೆಗೆ ಮೂವತ್ತೆಂಟು ತುಂಬಿತು. ಹಳೆಯ ಮಿತಿಯ ಪ್ರಕಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಎಲ್ಲ ಪ್ರವರ್ಗಗಳಿಗೂ ಒಂದು ಬಾರಿಗೆ ಅನ್ವಯಿಸುವಂತೆ ಮೂರು ವರ್ಷದ ಸಡಿಲಿಕೆ ಕೊಟ್ಟಿತು. ಅದು ಅನ್ವಯವಾಗುವ ಕಡೆ 2ಎಯ ಮಿತಿ 41 ಆಗುತ್ತದೆ. ಹೊಸ ಅಧಿಸೂಚನೆಯ ಚಿತ್ರ ತೋರಿಸಿ ‘ಈಗ ನಲವತ್ತಮೂರರವರೆಗೂ ಇದೆಯಂತೆ ಸರ್’ ಎಂದು ಯಾರಾದರೂ ಬಂದರೆ ನಾನು ಹುಡುಕಿಸುವುದು ಎರಡು ಸಾಲುಗಳನ್ನು: ಆ ಅಧಿಸೂಚನೆಯ ವಯೋಮಿತಿಯ ಪ್ಯಾರಾದಲ್ಲಿ ಸಡಿಲಿಕೆಯ ಆದೇಶದ ಸಂಖ್ಯೆ ಮತ್ತು ದಿನಾಂಕ ನಮೂದಾಗಿದೆಯೇ, ಹೆಚ್ಚಿಸಿದ ಮಿತಿಯನ್ನೇ ಪಟ್ಟಿಯಲ್ಲಿ ಕೊಟ್ಟಿದ್ದಾರೆಯೇ ಅಥವಾ 35, 38, 40 ಎಂದು ಕೊಟ್ಟು ಕೆಳಗೆ ಮೂರು ವರ್ಷ ಸೇರಿಸಲು ಹೇಳಿದ್ದಾರೆಯೇ. ಸೇರಿಸಿಯೇ ಕೊಟ್ಟ 41ಕ್ಕೆ ಮತ್ತೆ ಮೂರು ಸೇರಿಸಿ 44 ಎಂದುಕೊಂಡು ಬಂದವರೂ ಇದ್ದಾರೆ. ಆಕೆಯ ನಮೂನೆ-ಎಫ್ 2028ರ ಜುಲೈವರೆಗೆ ಚಾಲ್ತಿಯಲ್ಲಿದೆ, ನಲವತ್ತೊಂದು ತುಂಬುವುದು 2027ರ ಮಾರ್ಚ್ 9ಕ್ಕೆ. ಈಗ ಆಕೆ ಬರುವಾಗ ಚಿತ್ರ ತರುವುದಿಲ್ಲ, ಮುದ್ರಿಸಿದ ಅಧಿಸೂಚನೆ ತರುತ್ತಾರೆ. ವಯೋಮಿತಿಯ ಪ್ಯಾರಾದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿರುತ್ತದೆ.